ಹತ್ತು ಟಿಗ್ ವೆಲ್ಡರ್‌ಗಳಿಗಾಗಿ ಒಂದು ಜಾಹೀರಾತು

(ನೇಮಕಾತಿ ಕೆಲಸ ನೋಡಿಕೊಳ್ಳುವವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕುಶಲ ಕೆಲಸಗಾರರನ್ನು ಕರೆಯುವ ಜಾಹೀರಾತಿನ ಬಗ್ಗೆ ಮಾತಾಡಿ ಅಂತ ಹೇಳಿದ್ದೀರಿ. ಎಲೆಕ್ಟ್ರಿಷಿಯನ್, ಫಿಟ್ಟರ್, ಸಿಎನ್‌ಸಿ ಸೆಟ್ಟರ್ ಅಂತ ಎಲ್ಲರನ್ನೂ ಒಂದೇ ಗಂಟೆಯಲ್ಲಿ ಮುಟ್ಟಿ ಹೋದರೆ ಯಾರ ಬಗ್ಗೆಯೂ ಏನೂ ಹೇಳಿದಂತಾಗುವುದಿಲ್ಲ. ಅದಕ್ಕೇ ಒಂದೇ ಹುದ್ದೆ ಹಿಡಿದುಕೊಂಡು ಕೊನೆಯವರೆಗೆ ಹೋಗೋಣ. ಸ್ಟೇನ್‌ಲೆಸ್ ಸ್ಟೀಲ್ ಪೈಪ್‌ಲೈನ್ ಮಾಡುವ ಒಂದು ಕಾರ್ಖಾನೆ. ಅದಕ್ಕೆ ಹತ್ತು ಜನ ಟಿಗ್ ವೆಲ್ಡರ್‌ಗಳು ಬೇಕು. ಟಿಗ್ ಅಂದರೆ ಆರ್ಗಾನ್ ಅನಿಲದ ರಕ್ಷಣೆಯಲ್ಲಿ, ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಲೋಹ ಬೆಸೆಯುವ ವಿಧಾನ. ಕಾರ್ಖಾನೆಯೂ ಅಂಕಿಗಳೂ ಲೆಕ್ಕ ತೋರಿಸಲು ನಾನು ಕಟ್ಟಿಕೊಂಡವು. ಆದರೆ ಇಂಥ ನೇಮಕಾತಿ ಮಾಡಿದವರಿಗೆ ಅಂಕಿಗಳ ಆಕಾರ ಪರಿಚಿತವಾಗಿ ಕಾಣುತ್ತದೆ ಅಂದುಕೊಂಡಿದ್ದೇನೆ.

ಮೊದಲು ಕೆಲಸ ಏನು ಅಂತ ತಿಳಿಯೋಣ, ಯಾಕಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಈ ಹತ್ತು ಜನರೂ 6ಜಿ ಪರೀಕ್ಷೆ ಪಾಸಾಗಬೇಕು. 6ಜಿ ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು ನಿಲ್ಲಿಸಿರುತ್ತಾರೆ, ತಿರುಗಿಸುವ ಹಾಗಿಲ್ಲ. ವೆಲ್ಡರೇ ಅದರ ಸುತ್ತ ಬಗ್ಗಿ, ಎದ್ದು, ಕೆಳಗಿಂದ ಕೈ ಚಾಚಿ ಜಾಯಿಂಟ್ ಮುಗಿಸಬೇಕು. ಆಮೇಲೆ ಆ ಜಾಯಿಂಟನ್ನು ಎಕ್ಸ್‌ರೇಗೆ ಕಳಿಸುತ್ತಾರೆ, ಇಲ್ಲವೆ ಕತ್ತರಿಸಿ ಬಗ್ಗಿಸಿ ನೋಡುತ್ತಾರೆ. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ನೇಮಕಾತಿ ಮಾಡುವ ನಮಗೆ ಇದೊಂದು ಅನುಕೂಲ. ಬೇರೆ ಎಷ್ಟೋ ಹುದ್ದೆಗಳಲ್ಲಿ ಯೋಗ್ಯ ಅಭ್ಯರ್ಥಿ ಯಾರು ಅನ್ನುವುದೇ ಚರ್ಚೆಗೆ ಬೀಳುತ್ತದೆ. ಇಲ್ಲಿ ಎಕ್ಸ್‌ರೇ ಫಿಲ್ಮ್ ಹೇಳಿಬಿಡುತ್ತದೆ. ಹಾಗಾಗಿ ಜಾಹೀರಾತು ಕೆಲಸ ಮಾಡಿತೋ ಇಲ್ಲವೋ ಅನ್ನುವುದನ್ನೂ ಆ ತುದಿಯಿಂದಲೇ ಅಳೆಯಬಹುದು. ನನ್ನ ಮಾತೆಲ್ಲ ಅಷ್ಟೇ: ಪಾಸಾದವರನ್ನು ಎಣಿಸಿ, ಅಲ್ಲಿಂದ ಹಿಂದಕ್ಕೆ ನಡೆದು ಬಂದು ಜಾಹೀರಾತನ್ನು ತಿದ್ದಿ.

ಮೊದಲ ಸುತ್ತು

ಕಾರ್ಖಾನೆಯವರು ಮೊದಲು ಕೊಟ್ಟ ಜಾಹೀರಾತು ಹೀಗಿತ್ತು ಅಂದುಕೊಳ್ಳಿ: "ಪ್ರತಿಷ್ಠಿತ ಕಂಪನಿಗೆ ಅನುಭವಿ ವೆಲ್ಡರ್‌ಗಳು ಬೇಕಾಗಿದ್ದಾರೆ. ಆಕರ್ಷಕ ಸಂಬಳ, ಉತ್ತಮ ವಾತಾವರಣ. ಆಸಕ್ತರು ಕೂಡಲೇ ಸಂಪರ್ಕಿಸಿ." ಒಂದು ಉದ್ಯೋಗ ತಾಣದಲ್ಲಿ ಹಾಕಿದರು, ಸಾಮಾಜಿಕ ಜಾಲತಾಣದಲ್ಲೂ ದುಡ್ಡು ಕೊಟ್ಟು ಓಡಿಸಿದರು. 212 ಅರ್ಜಿ ಬಂತು. ಮ್ಯಾನೇಜರಿಗೆ ಖುಷಿಯೋ ಖುಷಿ.

ಫೋನ್ ಮಾಡಲು ಕೂತಾಗ 212ರಲ್ಲಿ ಫೋನ್ ಎತ್ತಿದವರು 131 ಜನ. ಅವರಲ್ಲಿ ಟಿಗ್‌ನಲ್ಲಿ ಪೈಪ್ ಮಾಡಿದವರು 34. ಪರೀಕ್ಷೆಗೆ ಬಂದವರು 19. ಪಾಸಾದವರು 2. ಕೆಲಸಕ್ಕೆ ಸೇರಿದವರು ಒಬ್ಬರು.

ಇಲ್ಲಿ ಎರಡು ಕಡೆ ಸೋರಿದೆ. ಎರಡಕ್ಕೂ ಕಾರಣ ಬೇರೆ ಬೇರೆ, ಆದರೆ ಸಾಮಾನ್ಯವಾಗಿ ಎರಡನ್ನೂ "ಜಾಹೀರಾತು ಸರಿ ಇಲ್ಲ" ಅನ್ನುವ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಫೋನ್ ಎತ್ತಿದ 131 ಜನರಲ್ಲಿ 97 ಜನ ಈ ಕೆಲಸದವರೇ ಅಲ್ಲ. ಗೇಟು, ಗ್ರಿಲ್ ಮಾಡುವವರೂ ವೆಲ್ಡರ್‌ಗಳೇ. ಮಿಗ್ ಅನ್ನುವ ಇನ್ನೊಂದು ವಿಧಾನದಲ್ಲಿ ಕಟ್ಟಡದ ಉಕ್ಕಿನ ತೊಲೆ ಜೋಡಿಸುವವರೂ ವೆಲ್ಡರ್‌ಗಳೇ. ಅವರವರ ಕೆಲಸದಲ್ಲಿ ಅವರು ಪಳಗಿದವರು. ಬರೀ "ಅನುಭವಿ ವೆಲ್ಡರ್" ಅಂತ ಕರೆದರೆ ಅವರು ಬಂದದ್ದು ತಪ್ಪಲ್ಲ. ಇದು ಬರವಣಿಗೆಯ ಸೋರಿಕೆ.

ಫೋನ್ ಎತ್ತದ 81 ಜನರ ವಿಷಯ ಬೇರೆ. ಅರ್ಜಿ ಬಂದು ಮೂರು ದಿನವಾದ ಮೇಲೆ, ಬೆಳಗ್ಗೆ ಹನ್ನೊಂದಕ್ಕೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಹೋಗಿದೆ. ಆ ಹೊತ್ತಿಗೆ ಒಳ್ಳೆಯ ವೆಲ್ಡರ್ ಹೆಲ್ಮೆಟ್ ಹಾಕಿಕೊಂಡು ಇನ್ನೊಬ್ಬರ ಕಾರ್ಖಾನೆಯಲ್ಲಿ ಕೆಲಸದಲ್ಲಿರುತ್ತಾನೆ. ಫೋನ್ ಲಾಕರಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ಸುಲಭವಾಗಿ ಫೋನ್ ಎತ್ತಬಲ್ಲವರು ಕೆಲಸವಿಲ್ಲದವರು. ಅಂದರೆ ನಮಗೆ ಬೇಕಾದವರೇ ಜಾಸ್ತಿ ಬಿಟ್ಟುಹೋಗುವ ಹಾಗೆ ನಾವೇ ಜರಡಿ ಹಿಡಿದಿದ್ದೇವೆ. ಇದಕ್ಕೂ ಜಾಹೀರಾತಿಗೂ ಸಂಬಂಧವಿಲ್ಲ. ಅರ್ಜಿ ಬಂದ ದಿನವೇ, ಯಾವ ಕಂಪನಿ, ಯಾವ ಕೆಲಸ ಅಂತ ಹೇಳಿ "ಯಾವ ಹೊತ್ತಿಗೆ ಫೋನ್ ಮಾಡಬಹುದು?" ಅಂತ ಒಂದು ಮೆಸೇಜ್ ಹಾಕಿದ್ದರೆ ಈ ಸೋರಿಕೆಯಲ್ಲಿ ದೊಡ್ಡ ಪಾಲು ನಿಲ್ಲುತ್ತಿತ್ತು. ಅರ್ಜಿ ಬಂದ ಹೊತ್ತಿಗೂ ಮೊದಲ ಸಂಪರ್ಕಕ್ಕೂ ಎಷ್ಟು ಗಂಟೆ ಹಿಡಿಯಿತು ಅನ್ನುವುದನ್ನು ಬರೆದಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಬಹಳ ಜನ ಇದನ್ನು ಬರೆದಿಡುವುದಿಲ್ಲ. ಬರೆದರೆ ಬೈಗುಳ ಬೇರೆ ಕಡೆ ತಿರುಗುತ್ತದೆ ಅನ್ನುವ ಭಯವೋ ಏನೋ.

ಮಾತು ತಿದ್ದುವುದು

ಈಗ ಬರವಣಿಗೆಗೆ ಬರೋಣ. ತಲೆಬರಹದಿಂದ ಶುರು. "ಟಿಗ್ ಪೈಪ್ ವೆಲ್ಡರ್, 6ಜಿ, ಸ್ಟೇನ್‌ಲೆಸ್ ಸ್ಟೀಲ್" ಅಂತ ಬರೆದರೆ ಅರ್ಧ ಕೆಲಸ ಆಯಿತು. ಈ ವಿಧಾನವನ್ನು ಆರ್ಗಾನ್ ವೆಲ್ಡಿಂಗ್ ಅಂತ ಕರೆಯುವವರು ಬಹಳ ಜನ ಇದ್ದಾರೆ. ಹುಡುಕುವಾಗಲೂ ಅದನ್ನೇ ಟೈಪ್ ಮಾಡುತ್ತಾರೆ. ಹಾಗಾಗಿ ಒಳಗೆ ಮೊದಲ ಸಾಲಿನಲ್ಲೇ ಆ ಮಾತೂ ಇರಲಿ. ಕಂಪನಿಯ ಕಡತದಲ್ಲಿ ಈ ಹುದ್ದೆಗೆ "ಟೆಕ್ನಿಷಿಯನ್ ದರ್ಜೆ 2" ಅಂತ ಹೆಸರಿರಬಹುದು. ಅದು ಕಡತದಲ್ಲೇ ಇರಲಿ, ಯಾರೂ ಅದನ್ನು ಹುಡುಕುವುದಿಲ್ಲ.

ಒಳಗೆ ಏನಿರಬೇಕು? ಒಬ್ಬ ವೆಲ್ಡರ್ ಇನ್ನೊಬ್ಬ ವೆಲ್ಡರ್‌ಗೆ ಫೋನ್ ಮಾಡಿ "ಅಲ್ಲಿ ಹೇಗಿದೆಯಪ್ಪಾ ಕೆಲಸ?" ಅಂತ ಕೇಳಿದರೆ ಏನೇನು ಕೇಳುತ್ತಾನೋ ಅದೆಲ್ಲ ಇರಬೇಕು. ಯಾವ ಲೋಹ, ಯಾವ ಸೈಜು? ಶೆಡ್ಡಿನೊಳಗಾ, ಸೈಟಿನಲ್ಲಾ? ಪಾಳಿ ಎಷ್ಟು ಹೊತ್ತಿಗೆ? ಓವರ್‌ಟೈಮ್ ಲೆಕ್ಕ ಹೇಗೆ? ಸಂಬಳ ಎಷ್ಟು, ಯಾವ ತಾರೀಖಿಗೆ? ಟೆಸ್ಟ್ ಏನು ಕೊಡ್ತಾರೆ? ನಾನಾದರೆ ಹೀಗೆ ಬರೆಯುತ್ತೇನೆ:

> ಟಿಗ್ ಪೈಪ್ ವೆಲ್ಡರ್ (6ಜಿ), ಸ್ಟೇನ್‌ಲೆಸ್ ಸ್ಟೀಲ್: 10 ಜನ
> ಆರ್ಗಾನ್ ವೆಲ್ಡಿಂಗ್. 304 ಮತ್ತು 316 ಪೈಪ್, 2ರಿಂದ 6 ಇಂಚು. ಶೆಡ್ಡಿನೊಳಗಿನ ಕೆಲಸ, ಸೈಟಿಗೆ ಹೋಗುವುದಿಲ್ಲ.
> ಸಂಬಳ ಇಷ್ಟರಿಂದ ಇಷ್ಟರವರೆಗೆ. ಎಷ್ಟು ಅನ್ನುವುದು ಟೆಸ್ಟ್ ಮೇಲೆ ತೀರ್ಮಾನ. ಓವರ್‌ಟೈಮ್ ಬೇರೆ, ಗಂಟೆ ಲೆಕ್ಕದಲ್ಲಿ. ಎರಡು ಪಾಳಿ, ವಾರಕ್ಕೊಮ್ಮೆ ಬದಲು.
> ಟೆಸ್ಟ್: 2 ಇಂಚಿನ ಪೈಪ್, 6ಜಿ, ಒಂದು ಜಾಯಿಂಟ್, ಎಕ್ಸ್‌ರೇ. ಟೆಸ್ಟ್ ದಿನದ ಕೂಲಿ ಕೊಡುತ್ತೇವೆ. ಫಲಿತಾಂಶ ಮೂರು ದಿನದೊಳಗೆ, ಪಾಸಾದರೂ ಫೇಲಾದರೂ ತಿಳಿಸುತ್ತೇವೆ.
> ಕಡ್ಡಾಯ: ಕಳೆದ 6 ತಿಂಗಳಲ್ಲಿ ಟಿಗ್‌ನಲ್ಲಿ ಪೈಪ್ ಮಾಡಿರಬೇಕು.
> ಡ್ರಾಯಿಂಗ್ ಓದಲು ಬಾರದಿದ್ದರೆ ಇಲ್ಲಿ ಕಲಿಸುತ್ತೇವೆ.

ಇದರಲ್ಲಿ ಎರಡು ಸಾಲಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ.

ಒಂದು, ಕಡ್ಡಾಯದ ಸಾಲು. "5 ವರ್ಷ ಅನುಭವ" ಅಂತ ಬರೆಯುವುದು ನಮಗೆಲ್ಲ ಅಭ್ಯಾಸವಾಗಿ ಹೋಗಿದೆ. ಐದು ವರ್ಷ ಅನ್ನುವುದು ಎಲ್ಲಿಂದ ಬಂತು ಅಂತ ಕೇಳಿದರೆ ಹಳೇ ಜಾಹೀರಾತಿನಿಂದ ಅಂತಾರೆ. ವೆಲ್ಡಿಂಗ್‌ನಲ್ಲಿ ಇದಕ್ಕಿಂತ ಚೆನ್ನಾದ ಅಳತೆ ಇದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಸಂಹಿತೆಯ 9ನೇ ವಿಭಾಗದ ಪ್ರಕಾರ, ಯಾವುದಾದರೂ ವಿಧಾನದಲ್ಲಿ 6 ತಿಂಗಳು ವೆಲ್ಡಿಂಗ್ ಮಾಡದೆ ಬಿಟ್ಟವನ ಅರ್ಹತೆ ಆ ವಿಧಾನಕ್ಕೆ ಕಳೆದುಹೋಗುತ್ತದೆ, ಮತ್ತೆ ಪರೀಕ್ಷೆ ಕೊಡಬೇಕು. ಕೈ ಬಿಟ್ಟುಹೋಗುತ್ತದೆ ಅನ್ನುವುದು ಆ ಕೆಲಸದವರಿಗೆಲ್ಲ ಗೊತ್ತು. ಹತ್ತು ವರ್ಷದ ಹಿಂದೆ ಐದು ವರ್ಷ ಮಾಡಿದವನಿಗಿಂತ ಎರಡು ವರ್ಷದಿಂದ ದಿನಾ ಮಾಡುತ್ತಿರುವವನು ಪಾಸಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ವರ್ಷ ಕೇಳಬೇಡಿ, ಕೊನೆಯ ಸಲ ಯಾವಾಗ ಮಾಡಿದಿರಿ ಅಂತ ಕೇಳಿ. ಪ್ರತಿ ಕಸುಬಿಗೂ ಇಂಥ ಒಂದು ಪ್ರಶ್ನೆ ಇರುತ್ತದೆ. ಅದು ನಿಮ್ಮ ಫೋರ್‌ಮನ್‌ಗೆ ಗೊತ್ತಿರುತ್ತದೆ, ಎಚ್‌ಆರ್ ವಿಭಾಗಕ್ಕೆ ಗೊತ್ತಿರುವುದಿಲ್ಲ. ಜಾಹೀರಾತು ಬರೆಯುವ ಮೊದಲು ಅವರ ಜೊತೆ ಅರ್ಧ ಗಂಟೆ ಕೂರಿ.

ಎರಡು, ಟೆಸ್ಟಿನ ಸಾಲು. ಟೆಸ್ಟ್ ಏನು ಅಂತ ಮೊದಲೇ ಹೇಳಿದರೆ ಅರ್ಜಿ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಇದೆ. ಹೌದು, ಕಡಿಮೆಯಾಗುತ್ತದೆ, ಆಗಲಿ. 2 ಇಂಚು, 6ಜಿ, ಎಕ್ಸ್‌ರೇ ಅಂತ ಓದಿದ ಗ್ರಿಲ್ ವೆಲ್ಡರ್ ಇದು ತನಗಲ್ಲ ಅಂತ ತಾನೇ ಮುಂದೆ ಹೋಗುತ್ತಾನೆ. ಅವನ ಹೊತ್ತೂ ಉಳಿಯಿತು, ನಿಮ್ಮ ಹೊತ್ತೂ ಉಳಿಯಿತು. ಆದರೆ ಟೆಸ್ಟ್ ದಿನದ ಕೂಲಿ ಕೊಡುತ್ತೇವೆ ಅನ್ನುವ ಮಾತು ಇನ್ನೊಂದು ಕೆಲಸ ಮಾಡುತ್ತದೆ. ನಮಗೆ ಬೇಕಾದವನು ಈಗ ಕೆಲಸದಲ್ಲಿದ್ದಾನೆ, ಒಂದು ದಿನ ರಜೆ ಹಾಕಿ ಬರಬೇಕು. ಆ ದಿನದ ದುಡ್ಡು ಅವನ ಕೈ ತಪ್ಪುತ್ತದೆ. ಮೊದಲ ಸುತ್ತಿನಲ್ಲಿ ಫೋನಿನಲ್ಲಿ ಸರಿ ಅನಿಸಿದ 34 ಜನರಲ್ಲಿ 15 ಜನ ಪರೀಕ್ಷೆಗೇ ಬರಲಿಲ್ಲ ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಸಂಬಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೆಯಿರಿ. "ಆಕರ್ಷಕ" ಅನ್ನುವುದನ್ನು ಕೆಲಸ ಬಲ್ಲವರು "ಕಡಿಮೆ" ಅಂತಲೇ ಓದುತ್ತಾರೆ.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ಸರ್, ರೆಸ್ಯೂಮೆ ಕಡ್ಡಾಯ ಮಾಡಿದರೆ ಸುಮ್ಮನೆ ಹಾಕುವವರು ಕಡಿಮೆಯಾಗಲ್ವಾ?"

ಕಡಿಮೆಯಾಗುತ್ತಾರೆ, ಆದರೆ ತಪ್ಪು ಜನ ಕಡಿಮೆಯಾಗುತ್ತಾರೆ. ಒಳ್ಳೆಯ ವೆಲ್ಡರ್‌ಗಳಲ್ಲಿ ಎಷ್ಟೋ ಜನರ ಹತ್ತಿರ ರೆಸ್ಯೂಮೆ ಅನ್ನುವುದೇ ಇರುವುದಿಲ್ಲ, ಬೇಕಾಗಿಯೂ ಇರುವುದಿಲ್ಲ. ಅಚ್ಚುಕಟ್ಟಾದ ರೆಸ್ಯೂಮೆ ಇಟ್ಟುಕೊಂಡವನು ಕೆಲಸ ಹುಡುಕುವುದರಲ್ಲಿ ಪಳಗಿದವನು ಅಂತ ಗೊತ್ತಾಗುತ್ತದೆ, ರೂಟ್, ಅಂದರೆ ಜಾಯಿಂಟಿನ ಬುಡದ ಮೊದಲ ಪದರ, ಹಾಕುವುದರಲ್ಲಿ ಪಳಗಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ಅದರ ಬದಲು ನಾಲ್ಕು ಪ್ರಶ್ನೆ ಇಡಿ: ಹೆಸರು ಮತ್ತು ಫೋನ್, ಕೊನೆಯ ಸಲ ಟಿಗ್‌ನಲ್ಲಿ ಪೈಪ್ ಮಾಡಿದ್ದು ಯಾವಾಗ, ಯಾವ ಸೈಜು, ಫೋನ್ ಮಾಡಲು ಯಾವ ಹೊತ್ತು ಅನುಕೂಲ. ಮೊಬೈಲಿನಲ್ಲಿ ಒಂದು ನಿಮಿಷದೊಳಗೆ ಮುಗಿಯಬೇಕು.

ಇನ್ನೊಂದು ಪ್ರಶ್ನೆಯನ್ನು ಫೋನಿಗೆ ಉಳಿಸಿಕೊಳ್ಳಿ: "ಸ್ಟೇನ್‌ಲೆಸ್ ಪೈಪಿಗೆ ರೂಟ್ ಹಾಕುವಾಗ ಪೈಪಿನ ಒಳಗಡೆ ಏನು ಮಾಡುತ್ತೀರಿ?" ಗೊತ್ತಿರುವವನು ತಡಮಾಡದೆ ಹೇಳುತ್ತಾನೆ: ಎರಡೂ ಕಡೆ ಮುಚ್ಚಿ ಆರ್ಗಾನ್ ಬಿಡುತ್ತೇವೆ, ಪರ್ಜ್ ಮಾಡುತ್ತೇವೆ ಅಂತ. ಇಲ್ಲದಿದ್ದರೆ ಒಳಗಿನ ಗಾಳಿ ತಗುಲಿ ರೂಟ್ ಕಪ್ಪಾಗಿ, ಹರಳುಹರಳಾಗಿ ಕೆಡುತ್ತದೆ. ಈ ಪ್ರಶ್ನೆಗೆ "ಒಳಗಡೆ ಏನೂ ಇಲ್ಲ ಸರ್, ಹೊರಗಿಂದ ಮಾಡ್ತೀವಿ" ಅಂದರೆ ಅವರು ಸ್ಟೇನ್‌ಲೆಸ್ ಪೈಪ್ ಮಾಡಿದವರಲ್ಲ. ವೆಲ್ಡಿಂಗ್ ಗೊತ್ತಿಲ್ಲದ ಎಚ್‌ಆರ್ ಹುಡುಗಿ ಕೂಡ ಇದನ್ನು ಕೇಳಿ ಉತ್ತರ ಗುರುತಿಸಬಹುದು. ಆದರೆ ಇದನ್ನು ಜಾಹೀರಾತಿನಲ್ಲಿ ಅಚ್ಚು ಹಾಕಬೇಡಿ. ಎರಡೇ ದಿನದಲ್ಲಿ ಎಲ್ಲರಿಗೂ ಉತ್ತರ ಬಾಯಿಪಾಠವಾಗಿರುತ್ತದೆ.

ಯಾರ ಕಣ್ಣಿಗೆ ಬೀಳಬೇಕು

ಮಾತು ಸರಿಯಾಯಿತು, ಅದು ಹೋಗಿ ತಲುಪಬೇಕಲ್ಲ. ಜಾಲತಾಣಗಳ ಜಾಹೀರಾತು ಯಂತ್ರಗಳು ಕಲಿಯುತ್ತವೆ ಅನ್ನುವುದನ್ನು ಎಲ್ಲರೂ ಕೇಳಿದ್ದೀರಿ. ನೀವು ಒಂದು ಗುರಿ ಕೊಡುತ್ತೀರಿ, ಆ ಗುರಿ ಮುಟ್ಟಿದವರಂಥವರನ್ನೇ ಅದು ಹುಡುಕಿ ತೋರಿಸುತ್ತದೆ. ಗುರಿ "ಅರ್ಜಿ" ಅಂತ ಕೊಟ್ಟರೆ ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕುವವರನ್ನು ಅದು ಬಹಳ ಚೆನ್ನಾಗಿ ಹುಡುಕಿಕೊಡುತ್ತದೆ. ಯಂತ್ರದ ತಪ್ಪಲ್ಲ, ಕೇಳಿದ್ದನ್ನು ಕೊಟ್ಟಿತು.

ಹಾಗಾದರೆ "ಟೆಸ್ಟ್ ಪಾಸಾದವರು" ಅನ್ನುವುದನ್ನೇ ಗುರಿ ಅಂತ ಕೊಡಬಹುದಲ್ಲ? ತಾಂತ್ರಿಕವಾಗಿ ಕೊಡಬಹುದು. ಹೊರಗೆ ನಡೆದ ಫಲಿತಾಂಶವನ್ನು ಮತ್ತೆ ಜಾಲತಾಣಕ್ಕೆ ಊಡುವ ವ್ಯವಸ್ಥೆ ಇದೆ. ತೊಡಕು ಎಣಿಕೆಯಲ್ಲಿದೆ. ಒಂದು ಜಾಹೀರಾತು ಗುಂಪು ಕಲಿಕೆಯ ಹಂತ ದಾಟಲು ವಾರಕ್ಕೆ ಸುಮಾರು 50 ಸಲ ಗುರಿ ಮುಟ್ಟಬೇಕು ಅಂತ ಮೆಟಾದವರೇ ಹೇಳುತ್ತಾರೆ. ನಮಗೆ ಬೇಕಾದವರೇ ಹತ್ತು ಜನ. ವಾರಕ್ಕೆ 50 ಜನ 6ಜಿ ಪಾಸಾಗುವುದು ಕನಸಿನ ಮಾತು. ಸಾವಿರಾರು ಡೆಲಿವರಿ ಹುಡುಗರನ್ನು ತೆಗೆದುಕೊಳ್ಳುವವರಿಗೆ ಒಪ್ಪುವ ವಿಧಾನ ನಮ್ಮ ಸಣ್ಣ ನೇಮಕಾತಿಗೆ ಒಪ್ಪುವುದಿಲ್ಲ. ಸಣ್ಣ ಸಂಖ್ಯೆಯಲ್ಲಿ ಕುಶಲ ಕೆಲಸಗಾರರನ್ನು ಹುಡುಕುವಾಗ ಸೋಸುವ ಕೆಲಸವನ್ನು ಯಂತ್ರಕ್ಕೆ ಬಿಡಲು ಬರುವುದಿಲ್ಲ, ಜಾಹೀರಾತಿನ ಮಾತೇ ಸೋಸಬೇಕು. ಬರವಣಿಗೆಯ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು ಅದಕ್ಕೇ.

"ವೆಲ್ಡಿಂಗ್‌ನಲ್ಲಿ ಆಸಕ್ತಿ" ಅನ್ನುವ ಗುಂಪನ್ನು ಆರಿಸಿಕೊಂಡರೆ ಹವ್ಯಾಸಕ್ಕೆ ವಿಡಿಯೋ ನೋಡುವವರು, ಯಂತ್ರ ಮಾರುವವರು, ವಿದ್ಯಾರ್ಥಿಗಳು ಎಲ್ಲ ಬರುತ್ತಾರೆ. ದಿನವಿಡೀ ವೆಲ್ಡಿಂಗ್ ಮಾಡಿದವನು ರಾತ್ರಿ ವೆಲ್ಡಿಂಗ್ ವಿಡಿಯೋ ನೋಡಲೇಬೇಕು ಅಂತೇನೂ ಇಲ್ಲ. ನನ್ನ ಅನುಭವದಲ್ಲಿ ಈ ಮೂರು ಹೆಚ್ಚು ಪ್ರಯೋಜನಕ್ಕೆ ಬಂದಿವೆ: ದೂರ, ಹೊತ್ತು ಮತ್ತು ಜಾಗ.

ದೂರ ಅಂದರೆ ನಕ್ಷೆಯ ಮೇಲೆ ಎಳೆದ ವೃತ್ತವಲ್ಲ, ಪಾಳಿಗೆ ಸರಿಯಾಗಿ ಬಂದು ಮುಟ್ಟುವ ದಾರಿ. ರಾತ್ರಿ ಪಾಳಿ ಬಿಟ್ಟಾಗ ಬಸ್ಸಿಲ್ಲದ ದಿಕ್ಕಿಗೆ ದುಡ್ಡು ಸುರಿಯುವುದು ವ್ಯರ್ಥ, ನೀವೇ ವಾಹನ ಕಳಿಸುವುದಾದರೆ ಬೇರೆ ಮಾತು. ಹೊತ್ತು ಅಂದರೆ ಎರಡು: ದಿನದಲ್ಲಿ ಪಾಳಿ ಬಿಟ್ಟ ಮೇಲಿನ ಒಂದೆರಡು ಗಂಟೆ, ಮತ್ತು ವರ್ಷದಲ್ಲಿ ದೊಡ್ಡ ಸ್ಥಾವರಗಳ ಶಟ್‌ಡೌನ್ ಮುಗಿಯುವ ಕಾಲ. ಸಂಸ್ಕರಣಾಗಾರ, ರಾಸಾಯನಿಕ ಕಾರ್ಖಾನೆಗಳು ದುರಸ್ತಿಗಾಗಿ ಕೆಲವು ವಾರ ನಿಲ್ಲಿಸಿದಾಗ ಪೈಪ್ ವೆಲ್ಡರ್‌ಗಳನ್ನು ಗುತ್ತಿಗೆಗೆ ಹಿಡಿದು ತುಂಬಿಕೊಳ್ಳುತ್ತವೆ. ಆಗ ಎಷ್ಟು ಜಾಹೀರಾತು ಕೊಟ್ಟರೂ ಜನ ಸಿಗುವುದಿಲ್ಲ. ಅದು ಮುಗಿಯುವ ವಾರದಲ್ಲಿ ಅದೇ ಜನ ಮುಂದಿನ ಕೆಲಸ ಹುಡುಕುತ್ತಿರುತ್ತಾರೆ, ಅದೂ ಕೈ ಪಳಗಿದ್ದಾಗ. ಜಾಗ ಅಂದರೆ ಅವರು ಹೇಗೂ ಹೋಗುವ ಕಡೆ: ಗ್ಯಾಸ್ ಸಿಲಿಂಡರ್, ಫಿಲ್ಲರ್ ರಾಡ್ ಮಾರುವವರ ಕೌಂಟರ್, ವೆಲ್ಡರ್ ಅರ್ಹತಾ ಪರೀಕ್ಷೆ ಮಾಡುವ ಲ್ಯಾಬ್. ಅಲ್ಲಿ ಅಂಟಿಸಿದ ಒಂದು ಹಾಳೆಯೂ ಜಾಹೀರಾತೇ. ಅದರ ಜೊತೆಗೆ ನಿಮ್ಮಲ್ಲಿ ಈಗಾಗಲೇ ಇರುವ ವೆಲ್ಡರ್‌ಗಳ ಬಾಯಿಮಾತು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗುರಿ ಇಡುವುದು ಅಂದ ಕೂಡಲೇ ವಯಸ್ಸು, ಲಿಂಗದ ಗುಂಡಿ ಒತ್ತಲು ಕೈ ಹೋಗುತ್ತದೆ. ಎಷ್ಟೋ ದೇಶಗಳ ಕಾನೂನಿನಲ್ಲಿ ಇದು ತಾರತಮ್ಯ. ಅಮೆರಿಕದಲ್ಲಿ 2019ರಲ್ಲಿ ನಾಗರಿಕ ಹಕ್ಕು ಸಂಘಟನೆಗಳ ಜೊತೆ ರಾಜಿಯಾದ ಮೇಲೆ ಫೇಸ್‌ಬುಕ್ ಉದ್ಯೋಗದ ಜಾಹೀರಾತುಗಳಿಗೆ ವಯಸ್ಸು, ಲಿಂಗ, ಪಿನ್‌ಕೋಡಿನಂಥ ಆಯ್ಕೆಗಳನ್ನು ತೆಗೆದುಹಾಕಿತು. ಮರುವರ್ಷ ಗೂಗಲ್ ಕೂಡ ಅಮೆರಿಕ, ಕೆನಡಾಗಳಲ್ಲಿ ಇಂಥದ್ದೇ ನಿಯಮ ತಂದಿತು. ಗುಂಡಿ ಒತ್ತದಿದ್ದರೂ ಪೂರ್ತಿ ಪಾರಾಗುವುದಿಲ್ಲ. 2019ರಲ್ಲಿ ಸಂಶೋಧಕರು ಎಲ್ಲರಿಗೂ ಮುಕ್ತವಾಗಿಟ್ಟ ಉದ್ಯೋಗದ ಜಾಹೀರಾತುಗಳನ್ನು ಫೇಸ್‌ಬುಕ್‌ನಲ್ಲಿ ಓಡಿಸಿ ನೋಡಿದಾಗ, ಮರ ಕಡಿಯುವ ಉದ್ಯಮದ ಜಾಹೀರಾತು ಬಹುಪಾಲು ಗಂಡಸರಿಗೆ, ಅಂಗಡಿ ಕ್ಯಾಷಿಯರ್ ಜಾಹೀರಾತು ಬಹುಪಾಲು ಹೆಂಗಸರಿಗೆ ಹೋಗಿತ್ತು. ಹಂಚುವ ಯಂತ್ರವೇ ಹಾಗೆ ವಾಲಿತ್ತು. ಟಿಗ್ ಕೆಲಸದಲ್ಲಿ ತೋಳಬಲಕ್ಕಿಂತ ಕೈಯ ಹಿಡಿತ ದೊಡ್ಡದು, ಚೆನ್ನಾಗಿ ಮಾಡುವ ಹೆಣ್ಣುಮಕ್ಕಳಿದ್ದಾರೆ. ನೋಡುವವರಲ್ಲಿ ಯಾರು ಎಷ್ಟು ಅನ್ನುವ ವರದಿ ಜಾಲತಾಣದಲ್ಲೇ ಸಿಗುತ್ತದೆ, ವಾರಕ್ಕೊಮ್ಮೆ ತೆರೆದು ನೋಡಿ. ವಾಲಿದ್ದು ಕಂಡರೆ ಮೊದಲು ಬದಲಿಸಬೇಕಾದದ್ದು ಚಿತ್ರ.

ಎರಡನೇ ಸುತ್ತಿನ ಲೆಕ್ಕ

ಹೊಸ ಜಾಹೀರಾತು ಮೂರು ದಾರಿಯಲ್ಲಿ ಹೋಯಿತು. ಒಟ್ಟು ಖರ್ಚು 100 ಪಾಲು ಅಂತಿಟ್ಟುಕೊಳ್ಳಿ. ಉದ್ಯೋಗ ತಾಣಕ್ಕೆ 50, ಸಾಮಾಜಿಕ ಜಾಲತಾಣಕ್ಕೆ 35, ಕೌಂಟರಿನ ಹಾಳೆ ಮತ್ತು ಬಾಯಿಮಾತಿಗೆ, ಅಂದರೆ ಕರೆತಂದವರಿಗೆ ಕೊಡುವ ಇನಾಮೂ ಸೇರಿ, 15.

ಯಾರು ಎಲ್ಲಿಂದ ಬಂದರು ಅಂತ ತಿಳಿಯದೆ ಮುಂದಿನ ಲೆಕ್ಕವೇ ಇಲ್ಲ. ಅದಕ್ಕೆ ಪ್ರತಿ ದಾರಿಗೂ ಬೇರೆ ಲಿಂಕ್ ಇರಬೇಕು:

```
https://example.com/tig6g?utm_source=portal&utm_campaign=tig6g_r2
https://example.com/tig6g?utm_source=social&utm_campaign=tig6g_r2
https://example.com/tig6g?utm_source=counter&utm_campaign=tig6g_r2
```

ಮೂರನೆಯದನ್ನು ಕ್ಯುಆರ್ ಕೋಡ್ ಮಾಡಿ ಹಾಳೆಯ ಮೇಲೆ ಅಚ್ಚು ಹಾಕಿ. ಯಾವ ದಾರಿಯಿಂದ ಬಂದರು ಅಂತ ಹೇಳುವ `utm_source` ಅರ್ಜಿ ಸೇರುವ ಪಟ್ಟಿಯಲ್ಲಿ ತಾನಾಗಿ ತುಂಬುವ ಹಾಗೆ ನೋಡಿಕೊಳ್ಳಿ. ಬರೀ ಭೇಟಿಗಳ ವರದಿಯಲ್ಲಿ ಅದು ಉಳಿದುಕೊಂಡರೆ ಟೆಸ್ಟ್ ದಿನ ಬಂದ ಮನುಷ್ಯನಿಗೂ ಆ ಲಿಂಕಿಗೂ ನಂಟು ಸಿಗುವುದಿಲ್ಲ. ನೇರವಾಗಿ ಫೋನ್ ಮಾಡುವವರಿಗೆ "ಎಲ್ಲಿ ನೋಡಿದಿರಿ?" ಅಂತ ಕೇಳಿ ಕೈಯಲ್ಲೇ ಬರೆಯಿರಿ. ಲಿಂಕ್ ಮೂಲಕ ಬಂದವರಿಗೂ ಫೋನಿನಲ್ಲಿ ಅದನ್ನೇ ಕೇಳುವುದು ಒಳ್ಳೆಯದು. ಜಾಲತಾಣದಲ್ಲಿ ನೋಡಿ, ಗೆಳೆಯನನ್ನು ವಿಚಾರಿಸಿ, ಆಮೇಲೆ ಕೌಂಟರಿನ ಹಾಳೆಯಿಂದ ಅರ್ಜಿ ಹಾಕಿದವನನ್ನು ಲಿಂಕ್ ಕೌಂಟರಿನ ಖಾತೆಗೇ ಬರೆದಿರುತ್ತದೆ.

ಈಗ ಫಲಿತಾಂಶ. ಉದ್ಯೋಗ ತಾಣದಿಂದ 48 ಅರ್ಜಿ. ಫೋನಿನಲ್ಲಿ ಸರಿ ಅನಿಸಿದವರು 14, ಟೆಸ್ಟಿಗೆ ಬಂದವರು 9, ಪಾಸು 3, ಸೇರಿದವರು 2. ಸಾಮಾಜಿಕ ಜಾಲತಾಣದಿಂದ 31 ಅರ್ಜಿ, ಫೋನಿನಲ್ಲಿ 12, ಟೆಸ್ಟಿಗೆ 8, ಪಾಸು 3, ಸೇರಿದವರು 2. ಹಾಳೆ ಮತ್ತು ಬಾಯಿಮಾತಿನಿಂದ 11 ಅರ್ಜಿ, ಫೋನಿನಲ್ಲಿ 9, ಟೆಸ್ಟಿಗೆ 8, ಪಾಸು 5, ಸೇರಿದವರು 3.

ಅರ್ಜಿ 212ರಿಂದ 90ಕ್ಕೆ ಇಳಿದಿದೆ. ಬರೀ ಅರ್ಜಿ ನೋಡುವ ಮ್ಯಾನೇಜರ್ ಇದ್ದರೆ ಹೊಸ ಜಾಹೀರಾತನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಆದರೆ ಪಾಸಾದವರು 2ರಿಂದ 11ಕ್ಕೆ ಏರಿದ್ದಾರೆ.

ಇನ್ನು ಖರ್ಚು. ಅರ್ಜಿಗೆ ಎಷ್ಟು ಬಿತ್ತು ಅಂತ ನೋಡಿದರೆ ಉದ್ಯೋಗ ತಾಣವೇ ಅಗ್ಗ: 50ನ್ನು 48ರಿಂದ ಭಾಗಿಸಿದರೆ ಒಂದು ಅರ್ಜಿಗೆ ಒಂದು ಪಾಲಿಗಿಂತ ತುಸು ಹೆಚ್ಚು. ಹಾಳೆಯದೇ ದುಬಾರಿ, ಸುಮಾರು 1.4 ಪಾಲು. ಪಾಸಾದ ಒಬ್ಬರಿಗೆ ಎಷ್ಟು ಅಂತ ನೋಡಿದರೆ ಪಟ್ಟಿ ತಲೆಕೆಳಗಾಗುತ್ತದೆ. ಉದ್ಯೋಗ ತಾಣದ್ದು ಸುಮಾರು 17 ಪಾಲು, ಸಾಮಾಜಿಕ ಜಾಲತಾಣದ್ದು 12ರ ಹತ್ತಿರ, ಹಾಳೆಯದು 3. ಅದೇ ದುಡ್ಡು, ಅದೇ ಜನ. ಭಾಗಿಸುವ ಸಂಖ್ಯೆ ಬದಲಾಯಿತು ಅಷ್ಟೇ.

"ಹಾಗಾದರೆ ಎಲ್ಲ ದುಡ್ಡನ್ನೂ ಹಾಳೆಗೇ ಹಾಕಬಹುದಲ್ಲ?" ಅಂತ ಮುಂದಿನ ಸಾಲಿನಲ್ಲಿದ್ದ ಒಬ್ಬರು ಮೇಡಂ ಕೇಳಿದರು.

ಹಾಕಿದರೆ ಎರಡನೇ ತಿಂಗಳಲ್ಲೇ ನಿರಾಸೆಯಾಗುತ್ತದೆ. ಕೌಂಟರಿಗೆ ಬರುವವರು, ನಮ್ಮವರಿಗೆ ಪರಿಚಯವಿರುವವರು ಇಂತಿಷ್ಟೇ ಜನ. ಮೊದಲ ಹನ್ನೊಂದು ಅರ್ಜಿಯಲ್ಲೇ ಆ ಬಾವಿಯ ಮೇಲಿನ ನೀರು ತೆಗೆದಾಯಿತು. ಖರ್ಚನ್ನು ಮೂರು ಪಟ್ಟು ಮಾಡಿದರೆ ಅರ್ಜಿ ಮೂರು ಪಟ್ಟಾಗುವುದಿಲ್ಲ. ಜೊತೆಗೆ ಬಾಯಿಮಾತಿನಲ್ಲಿ ನಮ್ಮವರಂಥವರೇ ಬರುತ್ತಾರೆ, ಒಂದೇ ಊರು, ಒಂದೇ ಬಳಗ. ಆಗಲೇ ಹೇಳಿದ ತಾರತಮ್ಯ ಹಿಂಬಾಗಿಲಿನಿಂದ ಬರುವ ದಾರಿ ಇದು. ಹಾಗಾಗಿ ಮೂರೂ ಬೇಕು.

ಉದ್ಯೋಗ ತಾಣ ಮತ್ತು ಸಾಮಾಜಿಕ ಜಾಲತಾಣ, ಇವೆರಡರಲ್ಲಿ ಯಾವುದು ಮೇಲು? ಒಂದರಲ್ಲಿ 9ಕ್ಕೆ 3, ಇನ್ನೊಂದರಲ್ಲಿ 8ಕ್ಕೆ 3. ಒಬ್ಬನಿಗೆ ಆ ದಿನ ಕೈ ನಡುಗಿದ್ದರೆ, ಇನ್ನೊಬ್ಬನಿಗೆ ಬಸ್ ತಪ್ಪಿದ್ದರೆ ಲೆಕ್ಕ ಆ ಕಡೆ ಈ ಕಡೆ ಆಗುತ್ತಿತ್ತು. ಇಷ್ಟು ಸಣ್ಣ ಸಂಖ್ಯೆಯಲ್ಲಿ 17 ಮತ್ತು 12ರ ಅಂತರವನ್ನು ನಂಬಿ ಒಂದನ್ನು ಮುಚ್ಚಬೇಡಿ. ಸಣ್ಣ ನೇಮಕಾತಿ ಮಾಡುವವರು ಸ್ವಲ್ಪ ಹಿಂದಿನ ಹಂತ ನೋಡುವುದು ವಾಸಿ: ಫೋನಿನಲ್ಲಿ ಪರ್ಜ್ ಪ್ರಶ್ನೆ ದಾಟಿದವರು ಎಷ್ಟು ಅಂತ. ಅಲ್ಲಿ ಸಂಖ್ಯೆ ಸ್ವಲ್ಪ ದೊಡ್ಡದು, ಬೇಗವೂ ಸಿಗುತ್ತದೆ. ಆದರೆ ಆ ಹಂತ ದಾಟಿದವರು ಟೆಸ್ಟಿನಲ್ಲೂ ಪಾಸಾಗುತ್ತಿದ್ದಾರೆಯೇ ಅಂತ ಆಗಾಗ ಹೊಂದಿಸಿ ನೋಡುತ್ತಿರಬೇಕು. ಫೋನಿನಲ್ಲಿ ದಾಟಿದವರು ಹೆಚ್ಚುತ್ತಾ ಹೋಗಿ ಪಾಸು ಅಲ್ಲೇ ನಿಂತರೆ, ಪ್ರಶ್ನೆಯ ಉತ್ತರ ಊರೆಲ್ಲ ಹರಡಿದೆ ಅಂತ ತಿಳಿಯಿರಿ. ಪ್ರಶ್ನೆ ಬದಲಿಸುವ ಹೊತ್ತು ಬಂತು.

ಒಂದು ಸಣ್ಣ ವಿಷಯ. ಹುದ್ದೆ ತುಂಬಿದ ಮೇಲೆ ಜಾಹೀರಾತು ತೆಗೆಯಿರಿ. ನಿಮ್ಮ ಪುಟದಲ್ಲಿ ಹುದ್ದೆಯ ಮಾಹಿತಿ ಗೂಗಲ್‌ಗೆ ಓದಿಸುವ `JobPosting` ಗುರುತು ಇದ್ದರೆ ಅದರಲ್ಲಿ `validThrough` ಅಂತ ಕೊನೆಯ ದಿನಾಂಕ ಕೊಡುವ ಜಾಗ ಇದೆ, ತುಂಬಿ. ಮುಗಿದ ಹುದ್ದೆಗೆ ಬರುವ ಅರ್ಜಿಗಳು ಮುಂದಿನ ಸುತ್ತಿನ ಲೆಕ್ಕವನ್ನೂ ಕೆಡಿಸುತ್ತವೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ಎರಡು ಸುತ್ತಿನಲ್ಲಿ ಸೇರಿದವರು ಎಂಟೇ ಜನ ಆಯಿತಲ್ಲ. ಉಳಿದ ಇಬ್ಬರಿಗೆ ಮತ್ತೆ ಅಷ್ಟೇ ಖರ್ಚು ಮಾಡಬೇಕಾ?"

ಮೊದಲು ಪಾಸಾಗಿಯೂ ಸೇರದವರನ್ನು ವಿಚಾರಿಸಿ. ಎರಡನೇ ಸುತ್ತಿನಲ್ಲಿ ಅಂಥವರು ನಾಲ್ಕು ಜನ ಇದ್ದಾರೆ. ಸಂಬಳವೋ, ಪಾಳಿಯೋ, ಈಗಿನ ಮಾಲೀಕರು ಹೆಚ್ಚು ಕೊಟ್ಟು ಉಳಿಸಿಕೊಂಡರೋ ಅನ್ನುವುದು ಫೋನಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಟೆಸ್ಟಿಗೆ ಬಂದು ಫೇಲಾದ ಹದಿನಾಲ್ಕು ಜನರ ಎಕ್ಸ್‌ರೇ ವರದಿಯನ್ನು ಫೋರ್‌ಮನ್ ಜೊತೆ ಕೂತು ತೆಗೆದು ನೋಡಿ. ಬೇರೆ ಬೇರೆ ಕಡೆ ಬೇರೆ ಬೇರೆ ದೋಷ ಇದ್ದರೆ ಅವರು ಇನ್ನೂ ಪಳಗಿಲ್ಲ. ಆದರೆ ಐದಾರು ಜನರಲ್ಲಿ ಪೈಪಿನ ಅಡಿಭಾಗದಲ್ಲಿ, ಕೆಳಗಿಂದ ಕೈ ಮೇಲೆತ್ತಿ ಮಾಡುವ ಜಾಗದಲ್ಲಿ ಮಾತ್ರ ರೂಟ್ ಪೂರ್ತಿ ಇಳಿದಿಲ್ಲ, ಉಳಿದೆಲ್ಲ ಚೆನ್ನಾಗಿದೆ ಅಂತಾದರೆ ಅವರಿಗೆ ಬೇಕಾಗಿರುವುದು ಅಭ್ಯಾಸ. ಒಳ್ಳೆಯ ಫೋರ್‌ಮನ್ ಇದ್ದರೆ ಅದು ಶೆಡ್ಡಿನೊಳಗೇ ಆಗುವ ಕೆಲಸ. ಅವರಲ್ಲಿ ಇಬ್ಬರನ್ನು ಕಲಿಕೆಯ ಸಂಬಳಕ್ಕೆ ತೆಗೆದುಕೊಂಡು, ಟೆಸ್ಟ್ ಪಾಸಾದ ದಿನದಿಂದ ಪೂರ್ತಿ ಸಂಬಳ ಅಂತ ಬರೆದುಕೊಡಬಹುದು. ಅದು ಫಲಿಸಿದರೆ ಮುಂದಿನ ಜಾಹೀರಾತಿನ ಕಡ್ಡಾಯದ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: "5ಜಿ ಪಾಸಾದವರು ಅರ್ಜಿ ಹಾಕಬಹುದು, 6ಜಿ ಅಭ್ಯಾಸಕ್ಕೆ ಅವಕಾಶ ಕೊಡುತ್ತೇವೆ." 5ಜಿಯಲ್ಲಿ ಪೈಪ್ ಓರೆಯಾಗಿರದೆ ಅಡ್ಡವಾಗಿ ಮಲಗಿರುತ್ತದೆ. ಆ ಸಾಲಿಗೂ ಬೇರೆ ಲಿಂಕ್ ಕೊಡಿ, ಅದರಿಂದ ಬಂದವರನ್ನು ಬೇರೆ ಕಾಲಮ್ಮಿನಲ್ಲಿ ಎಣಿಸಿ.